ನೇತ್ರಾಣಿ ಬೋಟು ಮತ್ತು ವಾಂತಿ

"ಅಡಿಕೆ ಕೊಯ್ಲು ಮುಗಿಸಿ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗೋಣ ಅಂತ ಇದ್ದೇವೆ. ನಮ್ಮ ಮನೆಯವಳಿಗೆ ಘಾಟಿ ಇಳಿಯುವಾಗಲೇ ವಾಂತಿ. ಬೋಟಿನಲ್ಲಿ ಏನು ಗತಿ? ಏನಾದರೂ ಉಪಾಯ ಇದೆಯಾ?"

ಹೆಗಡೇರೇ, ತೋಟಕ್ಕೆ ಮರಳುವ ಮೊದಲು ನಾನು ಕೆಲವು ವರ್ಷ ಹಡಗಿನ ಇಂಜಿನ್ ರೂಮಿನಲ್ಲಿದ್ದವನು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೇಲೆ ಒಬ್ಬರು "ಸಿಗಂದೂರು ಲಾಂಚಿನಲ್ಲಿ ಎಷ್ಟೋ ಸಲ ಹೋಗಿದ್ದೇನೆ, ಏನೂ ಆಗಿಲ್ಲ, ಸುಮ್ನೆ ಹೆದರಬೇಡಿ" ಅಂದಿದ್ದಾರೆ. ಮಾರಾಯ್ರೇ, ಹಿನ್ನೀರೇ ಬೇರೆ, ಸಮುದ್ರವೇ ಬೇರೆ. ಶರಾವತಿ ಹಿನ್ನೀರಿನಲ್ಲಿ ಆ ಚಪ್ಪಟೆ ಲಾಂಚು ಜಾರಿಕೊಂಡು ಹೋಗುತ್ತಿತ್ತು. ಸಮುದ್ರದಲ್ಲಿ ದೂರದಿಂದ ಬರುವ ಉದ್ದ ಅಲೆಗಳು ಬೋಟನ್ನು ನಿಧಾನವಾಗಿ ಎತ್ತಿ ಇಳಿಸುತ್ತವೆ. ಸುಮಾರು 5 ಸೆಕೆಂಡಿಗೊಮ್ಮೆ ಆಗುವ ಈ ಏರಿಳಿತವೇ ಎಲ್ಲಕ್ಕಿಂತ ಕೆಟ್ಟದ್ದು. ಟ್ರ್ಯಾಕ್ಟರ್ ಇಡೀ ದಿನ ಗಡಗಡ ಅಲ್ಲಾಡಿದರೂ ಯಾರಿಗೂ ವಾಂತಿ ಬರುವುದಿಲ್ಲ ಅಲ್ವಾ?

ಇದು ಪಿತ್ತದ ತೊಂದರೆ ಅಂತ ಬರೆದವರಿಗೂ ಒಂದು ಮಾತು. ಹೊಟ್ಟೆ ಕೊನೆಗೆ ಕೆಡುತ್ತದೆ, ಶುರುವಾಗುವುದು ಕಿವಿಯಲ್ಲಿ. ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಸಣ್ಣ ಬಳೆಯಂಥ ನಾಳಗಳಿವೆ. ತಲೆ ತಿರುಗಿದ್ದನ್ನು ಅವು ಮಿದುಳಿಗೆ ತಿಳಿಸುತ್ತವೆ. ಮೇಲೆ ಹೋದದ್ದು, ಕೆಳಗಿಳಿದದ್ದು, ವಾಲಿದ್ದು ಪಕ್ಕದ ಪುಟ್ಟ ಸುಣ್ಣದ ಹರಳುಗಳಿಂದ ಗೊತ್ತಾಗುತ್ತದೆ. ಕ್ಯಾಬಿನ್ ಒಳಗೆ ಕೂತವರಿಗೆ ಬೆಂಚು, ಗೋಡೆ, ಬ್ಯಾಗು ಎಲ್ಲ ಸುಮ್ಮನಿದ್ದ ಹಾಗೆ ಕಾಣುತ್ತದೆ. ಕಿವಿ ಮಾತ್ರ ಏರಿದೆ, ಇಳಿದೆ ಅನ್ನುತ್ತಲೇ ಇರುತ್ತದೆ. ಈ ಎರಡು ಹೇಳಿಕೆ ತಾಳೆಯಾಗದಿದ್ದಾಗ ವಾಂತಿ. ಒಳಗಿವಿಯ ಈ ಭಾಗ ಪೂರ್ತಿ ಕೆಲಸ ಮಾಡದವರಿಗೆ ಬಿರುಗಾಳಿಯಲ್ಲೂ ಈ ತೊಂದರೆ ಬರುವುದಿಲ್ಲ. ಆದರೆ ಕಣ್ಣು ಕಾಣದವರಿಗೂ ಬರುತ್ತದೆ. ಅಂದರೆ ಕಣ್ಣು ಮುಚ್ಚಿದರೆ ಸ್ವಲ್ಪ ಹಗುರ ಅನಿಸಬಹುದು, ಪೂರ್ತಿ ನಿಲ್ಲುವುದಿಲ್ಲ. ಮುಂದೆ ಏನಾಗುತ್ತದೆ ಅಂತ ಮಿದುಳಿಗೆ ಮೊದಲೇ ಅಂದಾಜು ಸಿಕ್ಕರೂ ಕಾಟ ಕಡಿಮೆ. ಘಾಟಿಯಲ್ಲಿ ಡ್ರೈವರಿಗೆ ವಾಂತಿ ಬಾರದ್ದು ಅದಕ್ಕೇ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಬೆಳಗಿನ ಜಾವ ಸಾಗರ ಬಿಟ್ಟು, ಜೋಗದ ಮೇಲೆ ಗೇರುಸೊಪ್ಪೆ ಘಾಟಿ ಇಳಿದು, ಹೊನ್ನಾವರದಿಂದ ನೇರ ಬೋಟಿಗೆ ಹೋಗುವ ಯೋಚನೆ ಇದ್ದರೆ ಬಿಡಿ. ಘಾಟಿಯಲ್ಲಿ ಕೆಟ್ಟ ಹೊಟ್ಟೆ ಬೋಟು ಹತ್ತುವಷ್ಟರಲ್ಲಿ ಸರಿಯಾಗಿರುವುದಿಲ್ಲ. ಹಿಂದಿನ ಸಂಜೆಯೇ ಇಳಿದು ಮುರುಡೇಶ್ವರದಲ್ಲಿ ಮಲಗಿ. ಬೆಳಗ್ಗೆ ಮೊದಲ ಬೋಟು ಹಿಡಿಯಿರಿ, ಮಧ್ಯಾಹ್ನದ ಮೇಲೆ ಗಾಳಿ ಎದ್ದು ಅಲೆ ಜಾಸ್ತಿಯಾಗುತ್ತದೆ. ಎರಡು ಇಡ್ಲಿ ಸಾಕು. ಬನ್ಸ್, ಬೋಂಡ ಬೇಡ, ಖಾಲಿ ಹೊಟ್ಟೆಯೂ ಬೇಡ.

ಬೋಟಿನಲ್ಲಿ ಮಧ್ಯಭಾಗದಲ್ಲಿ, ಡೀಸೆಲ್ ಹೊಗೆ ಬಾರದ ಕಡೆ, ಮುಂದೆ ನೋಡಿಕೊಂಡು ಕೂರಿಸಿ. ಮೂತಿಯ ಕಡೆ ಕೂತರೆ ನೋಟ ಚೆನ್ನಾಗಿರುತ್ತದೆ, ಕುಲುಕೂ ಅಲ್ಲೇ ಜಾಸ್ತಿ. ಕಣ್ಣು ಬಾನು-ನೀರು ಸೇರುವ ಗೆರೆಯ ಮೇಲಿರಲಿ. ಆ ಗೆರೆ ಅಲ್ಲಾಡುವುದು ಕಂಡರೆ ಕಣ್ಣೂ ಕಿವಿಯೂ ಒಂದೇ ಮಾತು ಹೇಳುತ್ತವೆ. ಮೊಬೈಲ್ ಬ್ಯಾಗಿನಲ್ಲಿರಲಿ.

ನಿಜವಾದ ಕಷ್ಟ ಬೋಟು ಓಡುವಾಗ ಅಲ್ಲ, ದ್ವೀಪದ ಹತ್ತಿರ ನಿಂತಾಗ. ಮುಖಕ್ಕೆ ಗಾಳಿ ಇಲ್ಲ, ಬೋಟು ಅಡ್ಡಡ್ಡ ತೂಗುತ್ತದೆ, ಆಗಲೇ ಎಲ್ಲರೂ ನೀರಿಗಿಳಿಯಲು ಬಗ್ಗಿ ಫಿನ್, ಬೆಲ್ಟು ಹಾಕಿಕೊಳ್ಳುತ್ತಾರೆ. ನಿಮ್ಮ ಮನೆಯವರು ಬಗ್ಗುವುದು ಬೇಡ. ನೀವೇ ಹಾಕಿಕೊಡಿ.

ಮಾತ್ರೆಯ ಬಗ್ಗೆ: ಒಬ್ಬರು ಒಂಡಾನ್ಸೆಟ್ರಾನ್ ಹೇಳಿದ್ದಾರೆ. ಬೇರೆ ವಾಂತಿಗೆ ಒಳ್ಳೆಯ ಮಾತ್ರೆ, ಈ ವಾಂತಿಗೆ ಅಷ್ಟು ಪ್ರಯೋಜನ ಇಲ್ಲ. ಇದಕ್ಕೆ ಸಾಮಾನ್ಯವಾಗಿ ಕೊಡುವುದು ಪ್ರೊಮೆಥಜೀನ್ 25 ಮಿಲಿಗ್ರಾಂ, ಹೊರಡುವ ಒಂದೆರಡು ಗಂಟೆ ಮೊದಲು. ಆಕಳಿಕೆ, ತಣ್ಣನೆ ಬೆವರು, ಬಾಯಲ್ಲಿ ನೀರು ಶುರುವಾದ ಮೇಲೆ ನುಂಗಿದರೆ ಹೊಟ್ಟೆಯಲ್ಲಿ ನಿಲ್ಲುವುದೂ ಕಷ್ಟ. ನಿದ್ದೆ ಚೆನ್ನಾಗಿ ಬರುತ್ತದೆ, ಹಾಗಾಗಿ ತಗೊಂಡವರು ಗಾಡಿ ಓಡಿಸಬಾರದು. ಡೈವಿಂಗ್ ಮಾಡುವುದಾದರೆ ಡಾಕ್ಟರನ್ನು ಕೇಳದೆ ಬೇಡ, ಮಂಪರಿನಲ್ಲಿ ನೀರಿನೊಳಗೆ ಇಳಿಯುವುದು ಆಟ ಅಲ್ಲ. ಗ್ಲೂಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರೂ ಮೊದಲು ಕೇಳಬೇಕು.

ಶುಂಠಿ ಬೆಳೆಯುವ ಗೌಡ್ರು ಶುಂಠಿಯೇ ಸಾಕು ಅಂತಾರೆ. ಹಸಿ ಶುಂಠಿ ಚೂರು ಬಾಯಲ್ಲಿಟ್ಟರೆ ಕೆಲವರಿಗೆ ಹೊಟ್ಟೆ ತಿರುವುದು ಕಡಿಮೆಯಾಗುತ್ತದೆ, ಕೆಲವರಿಗೆ ಏನೂ ಇಲ್ಲ. ನಾನು ಮಾತ್ರೆಯ ಜೊತೆಗೆ ಇಟ್ಟುಕೊಳ್ಳುತ್ತೇನೆ, ಅದರ ಬದಲಿಗೆ ಅಲ್ಲ. ಎಲೆ ಅಡಿಕೆ ಹೊಗೆಸೊಪ್ಪು ಮಾತ್ರ ದಡದಲ್ಲೇ ಬಿಡಿ. ಇದು ನಿಮಗೆ, ಅವರಿಗಲ್ಲ!

ಆದರೂ ವಾಂತಿ ಬಂದರೆ ಗಾಳಿ ಆಚೆಗೆ ಬೀಸುವ ಬದಿಯಲ್ಲಿ, ಒಬ್ಬರು ಹಿಡಿದುಕೊಂಡೇ ಮಾಡಿಸಿ. ಕ್ಯಾಬಿನ್ನಿಗೆ ಕಳಿಸಬೇಡಿ. ಆಮೇಲೆ ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ.

ಮಕ್ಕಳೂ ಬರುತ್ತಾರಾ? ಬರುವುದಾದರೆ ವಯಸ್ಸು ಬರೆಯಿರಿ. ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಕೊಡಬೇಡಿ, ಎರಡು ವರ್ಷದ ಒಳಗಿನವರಿಗಂತೂ ಪ್ರೊಮೆಥಜೀನ್ ಕೊಡಲೇಬಾರದು.