ನಿಮ್ಮ ಕೋಷ್ಟಕ ತಪ್ಪನ್ನು ಮುಚ್ಚಿಡುತ್ತಿದೆ

*"ಸಂಪಾದಕರಿಗೆ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಸೂತ್ರ ಕೊಡದೆ, ಬರೀ ಕೋಷ್ಟಕ ಮತ್ತು ಗ್ರಾಫ್ ನೋಡಿ ಚೈನ್ ರೂಲ್, ಪ್ರಾಡಕ್ಟ್ ರೂಲ್ ಬಳಸುವುದು ಹೇಗೆ ಅಂತ ಒಂದು ಲೇಖನ ಬರೆದಿದ್ದೇನೆ. ತರಗತಿಯಲ್ಲಿ ಓದಿಸಿದೆ, ಎಲ್ಲರಿಗೂ ಉತ್ತರ ಸರಿ ಬಂತು. ಆದರೂ ಏನೋ ಕೊರತೆ ಇದೆ ಅನ್ನಿಸುತ್ತಿದೆ. ದಾಕ್ಷಿಣ್ಯವಿಲ್ಲದೆ ಹೇಳಿ."*

ಮೇಡಂ, ನಮಸ್ಕಾರ. ಎಲ್ಲರಿಗೂ ಉತ್ತರ ಸರಿ ಬಂತು ಅಂದಿರಲ್ಲ, ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ನಿಮ್ಮ ಮೊದಲ ಪ್ರಶ್ನೆ h(x) = f(g(x)) ಆದರೆ h'(1) ಎಷ್ಟು ಅಂತ. ಕೋಷ್ಟಕದ ಮೊದಲ ಸಾಲಿನಲ್ಲಿ g(1) = 1 ಇಟ್ಟಿದ್ದೀರಿ. ಸರಿಯಾಗಿ ಮಾಡುವವರು f'(g(1)), ಅಂದರೆ f'(1) ತೆಗೆದುಕೊಂಡು ಅದನ್ನು g'(1)ರಿಂದ ಗುಣಿಸುತ್ತಾರೆ. ಏನೂ ಗೊತ್ತಿಲ್ಲದ ಹುಡುಗ ಒಂದೇ ಸಾಲಿನಲ್ಲಿ ಕಣ್ಣಾಡಿಸಿ f'(1), g'(1) ಎರಡನ್ನೂ ಸುಮ್ನೆ ಗುಣಿಸುತ್ತಾನೆ. ಇಬ್ಬರಿಗೂ ಬರುವುದು −10. ಇಬ್ಬರಿಗೂ ನೀವು ಮಾರ್ಕ್ಸ್ ಕೊಟ್ಟಿದ್ದೀರಿ.

ಆ ಒಂದು ಮನೆ ಮಾತ್ರ ಬದಲಿಸೋಣ. g(1) ಜಾಗದಲ್ಲಿ 1ರ ಬದಲು 2 ಇಡಿ. ಉಳಿದದ್ದೆಲ್ಲ ನಿಮ್ಮದೇ.

| x | f(x) | f'(x) | g(x) | g'(x) |
|---|---|---|---|---|
| 1 | 3 | −2 | 2 | 5 |
| 2 | 4 | 6 | 3 | −1 |
| 3 | 1 | 4 | 1 | 2 |

ಈಗ h'(1) = f'(g(1)) · g'(1). g(1) ಎರಡು. ಹಾಗಾಗಿ f' ಓದಲು ಎರಡನೇ ಸಾಲಿಗೆ ಇಳಿಯಬೇಕು. ಅಲ್ಲಿ 6 ಸಿಗುತ್ತದೆ. g' ಓದಲು ಮಾತ್ರ ಮೊದಲ ಸಾಲಲ್ಲೇ ನಿಲ್ಲಬೇಕು, ಅದು 5. ಉತ್ತರ 30. ಒಂದೇ ಸಾಲಲ್ಲಿ ಉಳಿದ ಹುಡುಗನಿಗೆ ಈಗಲೂ −10 ಬರುತ್ತದೆ, ಸಿಕ್ಕಿಬೀಳುತ್ತಾನೆ. ನಿಮ್ಮ ಲೇಖನದ ಜೀವ ಇರುವುದು ಈ ಸಾಲು ಬದಲಿಸುವ ಹೆಜ್ಜೆಯಲ್ಲಿ. ಸೂತ್ರ ಕೊಟ್ಟಾಗ ಈ ಹೆಜ್ಜೆ ಕಾಣುವುದೇ ಇಲ್ಲ. sin(x²) ಕೊಟ್ಟರೆ ಮಕ್ಕಳ ಕೈ ತಾನಾಗಿ cos(x²)·2x ಬರೆದುಬಿಡುತ್ತದೆ. cos ಒಳಗೆ x² ಯಾಕೆ ಹಾಗೇ ಉಳಿಯಿತು ಅಂತ ಯಾರೂ ಕೇಳಿಕೊಳ್ಳುವುದಿಲ್ಲ. ಕೋಷ್ಟಕ ಅದನ್ನು ಕೇಳಿಸುತ್ತದೆ. ನೀವು ಅದನ್ನು ಅರ್ಧ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. ನ್ಯೂಟನ್, ಲೈಬ್ನಿಜ್ ಜಗಳಕ್ಕೆ ಮಾತ್ರ ಎರಡು ಪ್ಯಾರಾ! ಅವನ್ನು ತೆಗೆಯಿರಿ.

ಈರುಳ್ಳಿಯ ಹೋಲಿಕೆಯನ್ನೂ ತೆಗೆಯಿರಿ. ಪದರ ಪದರವಾಗಿ ಸುಲಿಯೋದು ಅನ್ನುವುದು ಕೇಳೋಕೆ ಚೆನ್ನಾಗಿದೆ. ಆದರೆ ಹೊರಗಿನ ಪದರದ ಡೆರಿವೇಟಿವ್ ಅನ್ನು ಎಲ್ಲಿ ಓದಬೇಕು ಅಂತ ಈರುಳ್ಳಿ ಹೇಳುವುದಿಲ್ಲ. ಬದಲಿಗೆ ನಲ್ಲಿ ಕೆಳಗೆ ಒಂದು ಕೊಡ ಇಡಿ. ಅಂಕಿಗಳು ನಾನೇ ಹಾಕಿಕೊಂಡವು, ಆದರೆ ಮನೆಯ ಕೊಡಕ್ಕೆ ಹತ್ತಿರವಾಗಿಯೇ ಇವೆ. 3 ನಿಮಿಷ ಆದಾಗ ಕೊಡದಲ್ಲಿ 9 ಲೀಟರ್ ನೀರಿದೆ. ಆ ಹೊತ್ತಿಗೆ ನಲ್ಲಿಯಿಂದ ನಿಮಿಷಕ್ಕೆ 2 ಲೀಟರ್ ಬರುತ್ತಿದೆ. ಕೊಡದ ಹೊಟ್ಟೆ ಅಗಲ, ಕತ್ತು ಕಿರಿದು. 3 ಲೀಟರ್ ಇದ್ದಾಗ ನೀರು ಹೊಟ್ಟೆಯಲ್ಲಿರುತ್ತದೆ, ಒಂದು ಲೀಟರಿಗೆ 1.5 ಸೆಂ.ಮೀ. ಲೆಕ್ಕದಲ್ಲಿ ಏರುತ್ತಿರುತ್ತದೆ. 9 ಲೀಟರ್ ಆದಾಗ ಕತ್ತಿಗೆ ಬಂದಿರುತ್ತದೆ, ಲೀಟರಿಗೆ 4 ಸೆಂ.ಮೀ. ಹಾಗಾದರೆ 3ನೇ ನಿಮಿಷದಲ್ಲಿ ನೀರಿನ ಮಟ್ಟ ಎಷ್ಟು ಬೇಗ ಏರುತ್ತಿದೆ? 4 × 2, ನಿಮಿಷಕ್ಕೆ 8 ಸೆಂ.ಮೀ. 1.5 × 2 ಮಾಡಿ 3 ಅಂದವರು 3 ನಿಮಿಷವನ್ನು 3 ಲೀಟರ್ ಅಂತ ಓದಿದ್ದಾರೆ. ಎತ್ತರದ ಫಂಕ್ಷನ್ನಿಗೆ ಒಳಗೆ ಹೋಗಬೇಕಾದದ್ದು ಲೀಟರು, ನಿಮಿಷ ಅಲ್ಲ. ಕೊಡದಲ್ಲಿ ಈ ತಪ್ಪು ಯಾರಿಗಾದರೂ ಹೊಳೆಯುತ್ತದೆ. ಕೋಷ್ಟಕದಲ್ಲಿ ಎಲ್ಲವೂ ಬರೀ 1, 2, 3 ಆಗಿರುವುದರಿಂದ ನಿಮಿಷ ಯಾವುದು, ಲೀಟರ್ ಯಾವುದು ಗೊತ್ತಾಗುವುದಿಲ್ಲ. ಮಕ್ಕಳು ಎಡವುವುದು ಇದಕ್ಕೇ.

ಇನ್ನೊಂದು ತಪ್ಪು f'(g'(1)) ಅಂತ ಬರೆಯುವುದು. ಇಲ್ಲಿ g'(1) = 5, ಐದನೇ ಸಾಲೇ ಇಲ್ಲ, ಹಾಗಾಗಿ ಹುಡುಗ ತಾನೇ ನಿಂತು ಯೋಚಿಸುತ್ತಾನೆ. ಆದರೆ h'(3) ಕೇಳಿ ನೋಡಿ. g'(3) = 2, ಎರಡನೇ ಸಾಲು ಇದೆ! ಅವನು ಧೈರ್ಯವಾಗಿ f'(2) = 6 ಎತ್ತಿಕೊಳ್ಳುತ್ತಾನೆ. ಸರಿಯಾದದ್ದು f'(g(3)) · g'(3) = f'(1) · 2 = −4. ಈ ಪ್ರಶ್ನೆ ಖಂಡಿತ ಸೇರಿಸಿ.

ಪ್ರಾಡಕ್ಟ್ ರೂಲ್ ಭಾಗದಲ್ಲಿ ಸಾಲು ಬದಲಿಸುವ ಕೆಲಸವೇ ಇಲ್ಲ, ಅಷ್ಟೂ ಒಂದೇ ಸಾಲಿನಿಂದ ಬರುತ್ತದೆ. p(x) = f(x)·g(x) ಆದರೆ p'(1) = (−2)(2) + (3)(5) = 11. ನೀವು ರೂಲ್ ಹೇಳಿ, ಅಂಕಿ ತುಂಬಿಸಿ, ಮುಂದೆ ಹೋಗಿದ್ದೀರಿ. ಎರಡು ಡೆರಿವೇಟಿವ್ ಗುಣಿಸಿದರೆ ಯಾಕಾಗಲ್ಲ ಅಂತ ಓದುಗರು ಕೇಳೇ ಕೇಳುತ್ತಾರೆ. ಕೋಷ್ಟಕ ಎದುರಿಗೇ ಇದೆ, ಒಂಚೂರು ಮುಂದೆ ಸರಿದು ತೋರಿಸಿ. x ಅನ್ನು 1ರಿಂದ 1.01ಕ್ಕೆ ಒಯ್ಯಿರಿ. f ಸುಮಾರು 2.98 ಆಗುತ್ತದೆ, g ಸುಮಾರು 2.05. ಗುಣಿಸಿದರೆ 6.109. ಮೊದಲು 6 ಇತ್ತು. ಏರಿದ್ದು 0.109, ಅದನ್ನು 0.01ರಿಂದ ಭಾಗಿಸಿದರೆ 10.9. ಹನ್ನೊಂದಕ್ಕೆ ಎಷ್ಟು ಹತ್ತಿರ ನೋಡಿ. ಆ ಕೊರತೆಯ 0.1 ಎಲ್ಲಿಂದ ಬಂತು? (−0.02) × 0.05 = −0.001, ಎರಡು ಬದಲಾವಣೆಗಳ ಗುಣಲಬ್ಧ. ಅದನ್ನೂ 0.01ರಿಂದ ಭಾಗಿಸಿದರೆ −0.1. ಹೆಜ್ಜೆ ಚಿಕ್ಕದಾದಷ್ಟೂ ಇದು ಕರಗಿಹೋಗುತ್ತದೆ. ಎರಡು ಡೆರಿವೇಟಿವ್‌ಗಳನ್ನು ಮಾತ್ರ ಗುಣಿಸಿದವರು ಕರಗಿಹೋಗುವ ಚೂರನ್ನು ಇಟ್ಟುಕೊಂಡು, ಉಳಿಯುವುದನ್ನು ಬಿಸಾಕಿದ್ದಾರೆ.

ಎರಡೂ ರೂಲ್ ಸೇರಿದ ಪ್ರಶ್ನೆ ಒಂದು ಸಾಕು. ನಿಮ್ಮದು x²·f(g(x)), x = 1ರಲ್ಲಿ. ಮತ್ತೆ ಒಂದು! 1ರಲ್ಲಿ x ಬರೆದರೂ x² ಬರೆದರೂ ಒಂದೇ ಬೆಲೆ, ತಪ್ಪು ಮತ್ತೆ ಬಚಾವಾಗುತ್ತದೆ. x = 3 ಮಾಡಿ. 2x·f(g(x)) ಅಂದರೆ 6·f(1) = 18. x²·f'(g(x))·g'(x) ಅಂದರೆ 9·(−2)·2 = −36. ಒಟ್ಟು −18.

ಈಗ ಗ್ರಾಫ್ ವಿಷಯ. ಇಲ್ಲಿ ನಿಮ್ಮಿಂದ ಎರಡು ತಪ್ಪಾಗಿದೆ, ಒಂದು ಚಿಕ್ಕದು, ಒಂದು ದೊಡ್ಡದು.

ಚಿಕ್ಕದು ಪ್ರಮಾಣದ್ದು. f ಗ್ರಾಫಿನಲ್ಲಿ x-ಅಕ್ಷಕ್ಕೆ 1 ಸೆಂ.ಮೀ. = 1 ಮಾನ, y-ಅಕ್ಷಕ್ಕೆ 1 ಸೆಂ.ಮೀ. = 2 ಮಾನ ಇಟ್ಟಿದ್ದೀರಿ. ಇಟ್ಟರೆ ತಪ್ಪೇನಿಲ್ಲ. ಆದರೆ (0, 0)ಯಿಂದ (2, 8)ಕ್ಕೆ ಹೋಗುವ ಗೆರೆಯ ಇಳಿಜಾರನ್ನು ನೀವೇ ಚೌಕ ಎಣಿಸಿ 2 ಅಂದುಬಿಟ್ಟಿದ್ದೀರಿ. ಅಡ್ಡಕ್ಕೆ ಎರಡು ಚೌಕ, ಮೇಲಕ್ಕೆ ನಾಲ್ಕು ಚೌಕ, ಸರಿ. ಆದರೆ ಆ ನಾಲ್ಕು ಚೌಕ ಎಂಟು ಮಾನ. ಇಳಿಜಾರು 4. ಚೌಕ ಎಣಿಸಬೇಡಿ, ಬಿಂದುಗಳ ಬೆಲೆ ಓದಿ ಕಳೆಯಿರಿ.

ದೊಡ್ಡದು ಮೂಲೆಯದ್ದು. ನಿಮ್ಮ f ಆ ಗೆರೆಯಲ್ಲಿ (2, 8)ರವರೆಗೆ ಬಂದು, ಅಲ್ಲಿಂದ (4, 12)ಕ್ಕೆ ತಿರುಗುತ್ತದೆ. ನಿಮ್ಮ g (0, 1)ರಿಂದ (1, 2)ಕ್ಕೆ ಹೋಗಿ, ಅಲ್ಲಿಂದ (2, 4)ಕ್ಕೆ ತಿರುಗುತ್ತದೆ. ಆಮೇಲೆ ನೀವು ಬರೆದದ್ದು: "g(1) = 2. f'(2) ಇಲ್ಲ, g'(1) ಕೂಡ ಇಲ್ಲ. ಆದ್ದರಿಂದ h'(1) ಇಲ್ಲ."

ಆ "ಆದ್ದರಿಂದ" ಸರಿಯಲ್ಲ, ಮೇಡಂ. ಎರಡೂ ಡೆರಿವೇಟಿವ್ ಇದ್ದರೆ h' ಇದೆ ಅನ್ನುವುದಷ್ಟೇ ಚೈನ್ ರೂಲ್ ಕೊಡುವ ಮಾತು. ಅವು ಇಲ್ಲದಿದ್ದಾಗ ಏನಾಗುತ್ತದೆ ಅಂತ ಅದು ಬಾಯಿ ಬಿಡುವುದಿಲ್ಲ. ಎಡದಿಂದ ಒಮ್ಮೆ, ಬಲದಿಂದ ಒಮ್ಮೆ ನಾವೇ ಹೋಗಿ ನೋಡಬೇಕು. x = 0.9 ಆದಾಗ g = 1.9, f ಅಲ್ಲಿ 7.6. x = 1 ಆದಾಗ 8. x = 1.1 ಆದಾಗ g = 2.2, f ಅಲ್ಲಿ 8.4. ಎರಡೂ ಕಡೆ 0.4 ಬದಲಾವಣೆ, ಅದೂ 0.1ರ ಹೆಜ್ಜೆಗೆ. ಎಡಗಡೆ f ಇಳಿಜಾರು 4, g ಇಳಿಜಾರು 1. ಬಲಗಡೆ f ಇಳಿಜಾರು 2, g ಇಳಿಜಾರು 2. ಗುಣಿಸಿದರೆ ಎರಡೂ ಕಡೆ 4. ಒಂದರ ಮೂಲೆಯನ್ನು ಇನ್ನೊಂದರ ಮೂಲೆ ನೇರ ಮಾಡಿಬಿಟ್ಟಿದೆ. h'(1) = 4, ಅದು ಇದೆ.

ಅಂಕಿಗಳು ಹೀಗೆ ಕೂಡಿಬಂದದ್ದು ಆಕಸ್ಮಿಕ ಅನ್ನಿಸುತ್ತೆ, ಅಲ್ವಾ? ಆದರೂ ಈ ಚಿತ್ರವನ್ನು ಬದಲಿಸಬೇಡಿ, ನಿಮ್ಮ ಲೇಖನದಲ್ಲಿ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ಇದೇ. ಉತ್ತರ ಮಾತ್ರ ತಿದ್ದಿ. ಜೊತೆಗೆ ಒಂದು ಎಚ್ಚರಿಕೆ ಬರೆಯಿರಿ. ಇಲ್ಲಿ g ಏರುತ್ತಾ ಇರುವುದರಿಂದ x ಬಲಕ್ಕೆ ಹೋದರೆ g ಕೂಡ 2ರ ಬಲಕ್ಕೆ ಹೋಗುತ್ತದೆ. g ಇಳಿಯುತ್ತಿದ್ದರೆ ಉಲ್ಟಾ. x ಬಲಕ್ಕೆ ಸರಿದಾಗ g ಎರಡಕ್ಕಿಂತ ಕಡಿಮೆಯಾಗುತ್ತದೆ, ಆಗ f ಇಳಿಜಾರನ್ನು ಮೂಲೆಯ ಎಡಗಡೆ ಓದಬೇಕು. g ಅಲ್ಲಿ ಸಪಾಟಾಗಿದ್ದರಂತೂ f ಮೂಲೆಯ ಗೊಡವೆಯೇ ಬೇಡ. h ಆ ಜಾಗದಲ್ಲಿ ಅಲುಗುವುದೇ ಇಲ್ಲ, ಡೆರಿವೇಟಿವ್ ಸೊನ್ನೆ.

ಕೊನೆಯ ಪುಟದಲ್ಲಿ f' ಕಾಲಂ ಇಲ್ಲದ ಕೋಷ್ಟಕ ಕೊಟ್ಟು, ಅಕ್ಕಪಕ್ಕದ ಬೆಲೆಗಳಿಂದ ಇಳಿಜಾರು ತೆಗೆದು, "=" ಚಿಹ್ನೆ ಹಾಕಿದ್ದೀರಿ. ಅದು ಅಂದಾಜು, ≈ ಹಾಕಬೇಕು. ಕೋಷ್ಟಕದ ಎರಡು ಸಾಲಿನ ನಡುವೆ ಫಂಕ್ಷನ್ ಏನು ಮಾಡಿತು ಅಂತ ನಮಗೆ ಗೊತ್ತಿಲ್ಲ. ಅಮೆರಿಕದ ಎಪಿ ಕ್ಯಾಲ್ಕುಲಸ್ ಪರೀಕ್ಷೆಯಲ್ಲಿ ಇಂಥ ಕೋಷ್ಟಕದ ಪ್ರಶ್ನೆಗಳು ಮಾಮೂಲು, ಅಲ್ಲೂ ಇದನ್ನು ಅಂದಾಜು ಅಂತಲೇ ಕೇಳುತ್ತಾರೆ. ಆದರೆ ಇದು ಬೇರೆಯದೇ ಕಥೆ, ಈ ಲೇಖನಕ್ಕೆ ಜಾಸ್ತಿಯಾಯಿತು. ಆ ಪುಟವನ್ನು ಪೂರ್ತಿ ಬಿಟ್ಟರೂ ನಷ್ಟವಿಲ್ಲ.

ಭಾಷೆಯ ಬಗ್ಗೆ ಒಂದೇ ಮಾತು. "ಸಂಯುಕ್ತ ಫಲನದ ನಿಷ್ಪನ್ನ" ಅಂತ ಎಲ್ಲ ಕಡೆ ಬರೆದಿದ್ದೀರಿ. ನಿಮ್ಮ ತರಗತಿಯಲ್ಲಿ ಹಾಗೆ ಅನ್ನುತ್ತೀರಾ? ಬೋರ್ಡಿನ ಮುಂದೆ ನಿಂತಾಗ ಏನು ಹೇಳುತ್ತೀರೋ ಅದನ್ನೇ ಬರೆಯಿರಿ.

ತಿದ್ದಿದ್ದನ್ನು ಕಳಿಸುವ ಮೊದಲು ಒಂದು ಕೆಲಸ ಮಾಡಿ. ಪ್ರತಿ ಪ್ರಶ್ನೆಯನ್ನೂ ಬೇಕಂತಲೇ ಮೂರು ಥರ ತಪ್ಪಾಗಿ ಮಾಡಿ: ಒಂದೇ ಸಾಲಲ್ಲಿ ನಿಂತು, g ಬದಲು g' ಒಳಗೆ ಹಾಕಿ, ಎರಡು ಡೆರಿವೇಟಿವ್ ಮಾತ್ರ ಗುಣಿಸಿ. ಯಾವುದಾದರೂ ತಪ್ಪು ದಾರಿ ಸರಿ ಉತ್ತರಕ್ಕೆ ಬಂದು ನಿಂತರೆ ಆ ಪ್ರಶ್ನೆಯ ಅಂಕಿ ಬದಲಿಸಿ. ಆಮೇಲೆ ಅದೇ ಮಕ್ಕಳಿಗೆ ಮತ್ತೆ ಕೊಡಿ, ಈ ಸಲ ಎಷ್ಟು ಜನ −10 ಬರೆದರು ಅಂತ ನನಗೂ ತಿಳಿಸಿ.