ಐದು ಸಾವಿರ ಎಂದು ಬರೆದವನ ಕಥೆ

«ನಮ್ಮದು ವಿರಾಜಪೇಟೆ ಕಡೆಯ ಕಾಲೇಜು. ಸಾಂಸ್ಕೃತಿಕ ಉತ್ಸವಕ್ಕೆ 5,000 ಪ್ರೇಕ್ಷಕರು, ಪ್ಲಾಟಿನಂ 2 ಲಕ್ಷ, ಚಿನ್ನ 1 ಲಕ್ಷ, ಬೆಳ್ಳಿ 50 ಸಾವಿರ ಎಂದು ಪ್ರಾಯೋಜಕರಿಗೆ ಪ್ರಸ್ತಾವ ಬರೆದಿದ್ದೇವೆ. ಈ ಹಂತಗಳು ಸರಿಯಾಗಿವೆಯೇ?»

ಆ 5,000 ನನಗೆ ಚೆನ್ನಾಗಿ ಗೊತ್ತು. ಗೋಣಿಕೊಪ್ಪಲು ಹತ್ತಿರದ ಕಾಲೇಜಿನಲ್ಲಿ ಅಂತಿಮ ವರ್ಷದಲ್ಲಿದ್ದಾಗ ನಾನೂ ಅದನ್ನೇ ಬರೆದಿದ್ದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ಅನಿಸಿರಲಿಲ್ಲ. ಕೂಡಿಸಿ ನೋಡಿಯೇ ಬರೆದಿದ್ದೆ. ಸಭಾಂಗಣದಲ್ಲಿ 600 ಕುರ್ಚಿ. ಎರಡು ದಿನಕ್ಕೆ ಆರು ಕಾರ್ಯಕ್ರಮ, ಅಲ್ಲಿಗೆ 3,600. ಹೊರಗಿನ ಕಾಲೇಜುಗಳ ಸ್ಪರ್ಧಿಗಳು 400. ಇನ್‌ಸ್ಟಾಗ್ರಾಂನಲ್ಲಿ ನಮ್ಮನ್ನು ಹಿಂಬಾಲಿಸುವವರು ಸಾವಿರ. ಒಟ್ಟು 5,000!

ಬೆಳಗ್ಗೆ ಜನಪದ ನೃತ್ಯ ನೋಡಿದ ಹುಡುಗಿಯೇ ಮಧ್ಯಾಹ್ನ ರಸಪ್ರಶ್ನೆಗೂ ಕೂತಿರುತ್ತಾಳೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ನಾನು ಎಣಿಸಿದ್ದು ಕುರ್ಚಿಗಳನ್ನು, ಅದೂ ಆರು ಸಲ. ಹೊರಗಿನ ಸ್ಪರ್ಧಿಗಳು ಕೂರುವುದೂ ಅದೇ ಕುರ್ಚಿಗಳಲ್ಲಿ. ಇನ್‌ಸ್ಟಾಗ್ರಾಂನವರಲ್ಲಿ ಅರ್ಧದಷ್ಟು ಜನ ನಮ್ಮದೇ ಕಾಲೇಜಿನವರು, ಮತ್ತೊಂದಿಷ್ಟು ಜನ ಓದು ಮುಗಿಸಿ ಬೆಂಗಳೂರು ಸೇರಿದವರು. ಒಬ್ಬಳೇ ಹುಡುಗಿಯನ್ನು ಏಳೆಂಟು ಸಲ ಮಾರಲು ಹೊರಟಿದ್ದೆ.

ಮುಖ್ಯ ಪ್ರಾಯೋಜಕರಾಗಿ ಸಿಕ್ಕವರು ಒಂದು ಬೈಕ್ ಶೋರೂಮಿನ ಮಾಲೀಕರು. ಒಪ್ಪಿದ್ದು 60,000, ಮುಂಗಡ ಕೊಟ್ಟಿದ್ದು 20,000. ನಾವು ಕೊಟ್ಟ ಮಾತು: ವೇದಿಕೆಯ ಹಿಂದೆ ಅವರ ಫ್ಲೆಕ್ಸ್, ಸಂಜೆಯ ಕಾರ್ಯಕ್ರಮದ ನಡುವೆ ಅವರ ಜಾಹೀರಾತು. ಅವರು ಬಂದದ್ದು ಸಂಜೆ ಆರೂವರೆಗೆ. ನಮ್ಮ ಕಡೆಯ ಬಸ್ಸುಗಳ ಸಂಗತಿ ನಿಮಗೆ ಹೇಳಬೇಕೇ? ಐದೂವರೆಯ ಬಸ್ ತಪ್ಪಿದರೆ ಹಳ್ಳಿಯ ಮಕ್ಕಳಿಗೆ ಮನೆ ಇಲ್ಲ. ಒಳಗೆ ಉಳಿದದ್ದು ಹಾಸ್ಟೆಲಿನವರು ಮತ್ತು ಪೇಟೆಯ ಕೆಲವರು. ಮಾಲೀಕರು ಹಿಂದಿನ ಸಾಲಿನಿಂದ ಕುರ್ಚಿ ಎಣಿಸಿಕೊಂಡು ಬಂದು, «ಏನಪ್ಪಾ, ಇನ್ನೂರೈವತ್ತು ಜನ ಇಲ್ಲವಲ್ಲ» ಎಂದರು. ಕೊಡವ ಕುಟುಂಬಗಳ ಹಾಕಿ ಉತ್ಸವದ ಗ್ಯಾಲರಿ ನೋಡಿ ಬೆಳೆದವರಿಗೆ ಜನಸಂದಣಿ ಎಂದರೇನೆಂದು ನಾವು ಕಲಿಸುವುದು ಬೇಕಿಲ್ಲ. ಉಳಿದ 40,000 ಬರಲಿಲ್ಲ. ಧ್ವನಿವರ್ಧಕದವನಿಗೆ ನಾವು ಹನ್ನೊಂದು ಮಂದಿ ಕೈಯಿಂದ ಹಾಕಿ ಕೊಟ್ಟೆವು.

ಮರುವರ್ಷ ಕಿರಿಯರ ಜೊತೆ ಕೂತು ತಲೆ ಎಣಿಸಿದೆ. ಗುರುತಿನ ಚೀಟಿ ನೋಡಿ, ಒಬ್ಬರಿಗೆ ಒಂದೇ ಸಲ, ಮುಂಗೈಗೆ ಕಾಗದದ ಪಟ್ಟಿ ಕಟ್ಟಿದೆವು. ನಮ್ಮ ಕಾಲೇಜಿನವರು 520, ಹೊರಗಿನ ಸ್ಪರ್ಧಿಗಳು 210, ಊರವರು 150. ಒಟ್ಟು 880, ಅದರಲ್ಲಿ ಸಂಜೆ ಉಳಿದವರು 250. ಅದರ ಮುಂದಿನ ವರ್ಷದ ಪ್ರಸ್ತಾವದಲ್ಲಿ ಈ ಎರಡು ಸಂಖ್ಯೆಗಳನ್ನೂ ಬೇರೆ ಬೇರೆಯಾಗಿ ಬರೆಸಿದೆ.

ಹಂತಗಳು ಸರಿಯೇ ಎಂಬ ನಿಮ್ಮ ಪ್ರಶ್ನೆಯೇ ನನ್ನ ಪ್ರಕಾರ ತಪ್ಪು. ಪ್ಲಾಟಿನಂ, ಚಿನ್ನ, ಬೆಳ್ಳಿ ಎಲ್ಲವೂ ದೊಡ್ಡ ನಗರದ ಕಾಲೇಜಿನಿಂದ ಎತ್ತಿಕೊಂಡದ್ದು. ನಿಮ್ಮ ಕಾಲೇಜಿನ ಹಳೆಯ ರಸೀದಿ ಪುಸ್ತಕ ತೆಗೆದು, ಈವರೆಗೆ ಒಬ್ಬರೇ ಕೊಟ್ಟ ಅತಿ ದೊಡ್ಡ ಮೊತ್ತ ಎಷ್ಟೆಂದು ನೋಡಿ. ನಮ್ಮಲ್ಲಿ ಕೈಗೆ ಬಂದದ್ದು 25,000ಕ್ಕಿಂತ ಹೆಚ್ಚಿರಲಿಲ್ಲ. ಆದ್ದರಿಂದ ಮುಖ್ಯ ಪ್ರಾಯೋಜಕರಿಗೆ 30,000, ಒಂದು ಸ್ಪರ್ಧೆಗೆ ಹೆಸರಿಡಲು 10,000, ಮಳಿಗೆಗೆ 3,000 ಎಂದು ಇಟ್ಟೆವು. ಬೇಕರಿಯವರಿಂದ ಹಣ ಕೇಳಲೇ ಇಲ್ಲ, ತಿಂಡಿ ಕೇಳಿದೆವು, ಸಂತೋಷದಿಂದ ಕೊಟ್ಟರು.

ಕೊಡುವ ಸೌಲಭ್ಯಕ್ಕೂ ಖರ್ಚಿದೆ ಎಂಬುದನ್ನು ಮರೆಯಬೇಡಿ. ಮೊದಲ ವರ್ಷ 5,000 ಕೊಟ್ಟ ಅಂಗಡಿಯವರಿಗೆ ಆರು ಕಡೆ ಎಂಟಡಿ ಉದ್ದ, ನಾಲ್ಕಡಿ ಅಗಲದ ಫ್ಲೆಕ್ಸ್ ಹಾಕುವುದಾಗಿ ಬರೆದಿದ್ದೆ. 192 ಚದರಡಿ, ಆಗ ನಮ್ಮೂರಿನ ದರ ಅಡಿಗೆ 15 ರೂಪಾಯಿ, ಅಲ್ಲಿಗೆ 2,880. ಶಾಲು, ಹಾರ, ಸ್ಮರಣಿಕೆಗೆ 700. ಕೈಯಲ್ಲಿ ಉಳಿದದ್ದು 1,420.

ಇನ್ನು ಸಮಯ. ತೋಟದವರನ್ನೂ ಅವರ ವ್ಯಾಪಾರ ನೆಚ್ಚಿದ ಅಂಗಡಿಯವರನ್ನೂ ಕಾಫಿ ಕೊಯ್ಲಿನ ನಡುವೆ ಕೇಳಬೇಡಿ. ಆಗ ಇರುವ ಹಣವೆಲ್ಲ ಆಳಿನ ಕೂಲಿಗೆ ಹೋಗುತ್ತಿರುತ್ತದೆ. ಕಾಫಿ ಮಾರಿದ ಮೇಲೆ ಹೋಗಿ.

ಅದೇ ಶೋರೂಮಿಗೆ ಹೊಸ ಪ್ರಸ್ತಾವ ಹಿಡಿದು ಕಿರಿಯರೊಂದಿಗೆ ನಾನೇ ಹೋದೆ. ಫೋನ್ ಎತ್ತದವರ ಬಾಗಿಲಿಗೆ ಹೋಗಲು ಧೈರ್ಯ ಬೇಕಾಗುತ್ತದೆ, ಬಿಡಿ. ಮಾಲೀಕರು ಪುಟ ತಿರುವಿ ಕೇಳಿದ್ದು ಒಂದೇ: «ಸಂಜೆ ಎಷ್ಟು ಜನ?» ಇನ್ನೂರೈವತ್ತು ಎಂದೆ. ನಕ್ಕರು. ಸಂಜೆಯ ವೇದಿಕೆ ಬೇಡ, ಬೆಳಗ್ಗೆ ಹತ್ತರಿಂದ ಒಂದರವರೆಗೆ ಗೇಟಿನ ಬಳಿ ಎರಡು ಬೈಕ್ ನಿಲ್ಲಿಸಲು ಜಾಗ, ಒಂದು ಮೇಜು ಸಾಕು ಎಂದರು. 10,000ಕ್ಕೆ ಚೆಕ್ ಬರೆದರು, ಪೂರ್ತಿ ಮೊತ್ತ ಮುಂಗಡವಾಗಿ. ಆ ದಿನ ಅವರ ವಿಚಾರಣಾ ಪುಸ್ತಕದಲ್ಲಿ 41 ಹೆಸರು ಸೇರಿದ್ದವು.