ನಂಜು ಅಂದರೆ ವಿಷ, ಆದರೆ ಇಲ್ಲಿ ಅಲ್ಲ

ಓದುಗರ ಪತ್ರ: "ನಮ್ಮದು ಸೇಡಂ ತಾಲೂಕಿನ ಒಂದು ಹಳ್ಳಿ. ಅಪ್ಪನನ್ನು ಹೈದರಾಬಾದಿಗೆ ಕರೆದುಕೊಂಡು ಹೋಗುವಾಗ ಊರಿನ ಡಾಕ್ಟರು ಕನ್ನಡದಲ್ಲಿ ಚೀಟಿ ಕೊಟ್ಟರು: 'ಎಡಗಾಲಿಗೆ ತೊಗರಿ ಕೂಳೆ ಚುಚ್ಚಿ ನಂಜು ಏರಿದೆ. ಮೂರು ದಿನದಿಂದ ಚಳಿಜ್ವರ. ಎದ್ದರೆ ಕಣ್ಣಿಗೆ ಕತ್ತಲೆ. ರಾತ್ರಿ ಬಡಬಡಿಸುತ್ತಾರೆ. ನಿನ್ನೆಯಿಂದ ಮೂತ್ರ ಕಟ್ಟಿದೆ. ಶುಗರ್ ಇದೆ. ಸೂಜಿ ಹಾಕಿದೆ.' ನಾನೇ ನಿಘಂಟು ನೋಡಿ ಇಂಗ್ಲಿಷ್ ಮಾಡಿದೆ. ಪಾಯ್ಸನ್ ಇನ್ ಲೆಗ್, ಕೋಲ್ಡ್ ಅಂಡ್ ಫೀವರ್, ಲಾಸ್ ಆಫ್ ವಿಷನ್, ಟಾಕಿಂಗ್ ಟೂ ಮಚ್ ಅಟ್ ನೈಟ್, ಯೂರಿನ್ ಬ್ಲಾಕ್ ಅಂತ ಬರೆದೆ. ಅಲ್ಲಿ ಮೊದಲು ಕೇಳಿದ್ದೇ ಹೊಲಕ್ಕೆ ಹೊಡೆಯೋ ಔಷಧಿ ಕುಡಿದಿದ್ದಾರಾ ಅಂತ. ಅಪ್ಪ ಈಗ ಹುಷಾರಾಗಿದ್ದಾರೆ. ಆದರೆ ನಾನು ಏನು ಬರೆಯಬೇಕಿತ್ತು?"

ಸಂಪಾದಕರ ಉತ್ತರ:

ಅಪ್ಪ ಹುಷಾರಾದರು ಅಂತ ಓದಿ ಜೀವ ತಂಪಾಯಿತು. ನಿಮ್ಮ ಡಾಕ್ಟರ ಚೀಟಿ ಚಿಕ್ಕದಾದರೂ ಅದರಲ್ಲಿ ಮುಖ್ಯ ಸುಳಿವುಗಳೆಲ್ಲ ಇವೆ. ಅದನ್ನು ಓದಿದ ಕನ್ನಡ ಬಲ್ಲ ವೈದ್ಯರು ಯಾರೇ ಆದರೂ ಕುರ್ಚಿ ಬಿಟ್ಟು ಎದ್ದೇಳುತ್ತಿದ್ದರು. ನಿಮ್ಮ ಇಂಗ್ಲಿಷಿನಲ್ಲಿ ಆ ಗಾಬರಿ ದಾಟಲಿಲ್ಲ. ಎಲ್ಲಿ ನಿಂತುಹೋಯಿತು ಅಂತ ಒಂದೊಂದೇ ಪದ ನೋಡೋಣ.

ಮೊದಲು ನಂಜು. ನಿಘಂಟು ನಿಮಗೆ ಸುಳ್ಳು ಹೇಳಲಿಲ್ಲ. ಪದದ ಹಳೆಯ ಅರ್ಥ ವಿಷವೇ. ವಿಷ ಉಂಡವನು ನಂಜುಂಡ, ಅಲ್ವಾ? ಆದರೆ ಮನೆಮಾತಿನಲ್ಲಿ ಈ ಪದ ಬಹಳ ಕಡೆ ಓಡಾಡುತ್ತದೆ. ಹುಳ ಕಚ್ಚಿ ಊದಿದರೆ ನಂಜು. ಹೆರಿಗೆಯಾದ ಮೇಲೆ ಜ್ವರ ಬಂದರೆ ಬಾಣಂತಿ ನಂಜು. ಗಾಯ ಇದ್ದಾಗ ಬದನೆಕಾಯಿ ತಿನ್ನಬೇಡ, ನಂಜು ಅಂತಾರೆ. ಗಾಯ ಕೆಟ್ಟು ಕೀವಾಗಿ ಸುತ್ತ ಕೆಂಪಾದರೂ ನಂಜೇ. ನಿಮ್ಮ ಚೀಟಿಯಲ್ಲಿ ಇರುವುದು ಈ ಕೊನೆಯದು. ಇಂಗ್ಲಿಷಿನ ಪಾಯ್ಸನ್ ಇಷ್ಟು ಕಡೆ ಓಡಾಡುವುದಿಲ್ಲ. ತೊಗರಿ, ಹತ್ತಿ ಬೆಳೆಯುವ ಕಡೆಯಿಂದ ಬಂದ ರೈತನ ಕಾಗದದಲ್ಲಿ ಆ ಪದ ಕಂಡರೆ ಆಸ್ಪತ್ರೆಯವರಿಗೆ ಕೀಟನಾಶಕವೇ ನೆನಪಾಗುತ್ತದೆ. ವಿಷದ ಕೇಸು ಅಂದಮೇಲೆ ಪೊಲೀಸರಿಗೆ ತಿಳಿಸುವ ಕೆಲಸವೂ ಬರುತ್ತದೆ. ಅವರು ಕೇಳಿದ್ದರಲ್ಲಿ ತಪ್ಪಿಲ್ಲ.

ನೀವು ಬಿಟ್ಟುಬಿಟ್ಟ ಪದ ಇನ್ನೊಂದಿದೆ, 'ಏರಿದೆ'. ನನ್ನ ಮಟ್ಟಿಗೆ ಆ ವಾಕ್ಯದಲ್ಲಿ ಅದೇ ದೊಡ್ಡದು. ಗಾಯ ಪಾದದಲ್ಲಿದೆ, ಕೆಂಪು ಮತ್ತು ಬಾವು ಮೇಲಕ್ಕೆ ಹತ್ತುತ್ತಿದೆ ಅಂತ ಅದು ಹೇಳುತ್ತದೆ. ಎಲ್ಲಿಯ ತನಕ ಹತ್ತಿದೆ? ಪಾದದ ಗಂಟಿಗಾ, ಮೀನಖಂಡಕ್ಕಾ, ಮೊಣಕಾಲಿಗಾ? ಅದನ್ನು ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ ಬರೆಯಬಹುದಿತ್ತು. ಇನ್ನೂ ಒಳ್ಳೆಯದು ಅಂದರೆ, ಕೆಂಪು ನಿಂತ ಅಂಚಿನಲ್ಲಿ ಬಾಲ್ ಪೆನ್ನಿನಿಂದ ಚರ್ಮದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯುವುದು. ಹೈದರಾಬಾದಿಗೆ ಮುಟ್ಟುವಷ್ಟರಲ್ಲಿ ಕೆಂಪು ಗೆರೆ ದಾಟಿದ್ದರೆ ಯಾವ ಭಾಷೆಯವರಿಗೂ ಅರ್ಥವಾಗುತ್ತದೆ.

ಚಳಿಜ್ವರ ಅಂದರೆ ನಡುಕ ಬಂದು, ಎರಡು ಕೌದಿ ಹೊದಿಸಿದರೂ ಹಲ್ಲು ಕಟಕಟ ಅನ್ನುವ ಜ್ವರ. ಕೋಲ್ಡ್ ಅಂಡ್ ಫೀವರ್ ಅಂದರೆ ಓದುವವರಿಗೆ ಅದು ನೆಗಡಿ. ಸುಮ್ನೆ ಮೂಗು ಸೋರುವ ಜ್ವರ ಅಂದುಕೊಳ್ಳುತ್ತಾರೆ. 'ಫೀವರ್ ವಿತ್ ಚಿಲ್ಸ್' ಅಂತ ಬರೆದಿದ್ದರೆ ಸೋಂಕು ರಕ್ತಕ್ಕೆ ಇಳಿದಿರಬಹುದಾ ಅಂತ ಕೂಡಲೇ ಯೋಚಿಸುತ್ತಿದ್ದರು. 'ಮೂರು ದಿನದಿಂದ' ಅನ್ನುವ ಜಾಗದಲ್ಲಿ ತಾರೀಖನ್ನೇ ಹಾಕಿ. ಚೀಟಿ ಬರೆದ ದಿನ ಒಂದು, ಓದುವ ದಿನ ಇನ್ನೊಂದು ಆಗುತ್ತದೆ.

ಕಣ್ಣಿಗೆ ಕತ್ತಲೆ ಬರುವುದಕ್ಕೂ ಕಣ್ಣಿಗೂ ಸಂಬಂಧ ಕಡಿಮೆ. ಎದ್ದು ನಿಂತಾಗ ಬಿ.ಪಿ. ಇಳಿದು, ತಲೆಗೆ ರಕ್ತ ಸಾಲದೆ, ಇನ್ನೇನು ಬೀಳುತ್ತೇನೆ ಅನ್ನಿಸುವುದು ಅದು. ಅದಕ್ಕೇ ನಿಮ್ಮ ಡಾಕ್ಟರು 'ಎದ್ದರೆ' ಅಂತ ಸೇರಿಸಿದ್ದಾರೆ. ಶುಗರ್ ಇರುವವರ ಕಾಗದದಲ್ಲಿ ಲಾಸ್ ಆಫ್ ವಿಷನ್ ಅಂತ ಬರೆದರೆ ಶುಗರಿನಿಂದ ಕಣ್ಣು ಹೋಗಿದೆ ಅಂತಲೇ ಓದುತ್ತಾರೆ.

ನನ್ನನ್ನು ಜಾಸ್ತಿ ಕಾಡಿದ್ದು 'ಬಡಬಡಿಸುತ್ತಾರೆ'. ಇದು ಜಾಸ್ತಿ ಮಾತಾಡುವುದಲ್ಲ. ಜ್ವರದಲ್ಲಿ ಎಚ್ಚರ ತಪ್ಪಿದವರ ಹಾಗೆ ಏನೇನೋ ಅನ್ನುವುದು. ಮನೆಯವರ ಗುರುತು ಸಿಗದಿರುವುದು, ಸತ್ತವರನ್ನು ಕರೆಯುವುದು, ಹಗಲು ಸ್ವಲ್ಪ ಸರಿಯಿದ್ದು ರಾತ್ರಿ ಕೆಡುವುದು. ಸೋಂಕಿರುವ ಮನುಷ್ಯನ ಬುದ್ಧಿ ಹೀಗೆ ಮಸುಕಾದರೆ, ಬಿ.ಪಿ. ಇಳಿದರೆ, ಉಸಿರು ನಿಮಿಷಕ್ಕೆ 22 ಅಥವಾ ಅದಕ್ಕಿಂತ ಮೇಲೆ ಹೋದರೆ, ಅದು ಬರೀ ಕಾಲಿನ ಗಾಯವಾಗಿ ಉಳಿದಿಲ್ಲ ಅಂತ ವೈದ್ಯರು ನೋಡುತ್ತಾರೆ. ಆ ಮೂರರಲ್ಲಿ ಎರಡರ ಸುಳಿವು ನಿಮ್ಮ ಚೀಟಿಯಲ್ಲೇ ಇತ್ತು. ಇಂಗ್ಲಿಷಿನಲ್ಲಿ ಒಂದು ಕಣ್ಣಿನ ತೊಂದರೆ ಆಯಿತು, ಇನ್ನೊಂದು ಮಾತಿನ ಚಟ ಆಯಿತು. ನೀವು ಬರೆಯಬೇಕಿದ್ದದ್ದು ಇಷ್ಟೇ: ರಾತ್ರಿ ಗೊಂದಲದಲ್ಲಿರುತ್ತಾರೆ, ಅರ್ಥವಿಲ್ಲದ ಮಾತಾಡುತ್ತಾರೆ, ಮೊದಲು ಹೀಗಿರಲಿಲ್ಲ. 'ಮೊದಲು ಹೀಗಿರಲಿಲ್ಲ' ಅನ್ನುವುದನ್ನು ಬಿಡಬೇಡಿ. ವಯಸ್ಸಾದವರಿಗೆ ಮರೆವು ಸಹಜ ಅಂತ ಬಿಟ್ಟುಬಿಡುವವರು ಇದ್ದಾರೆ.

ಮೂತ್ರ ಕಟ್ಟಿದೆ ಅನ್ನುವುದು ಕನ್ನಡದಲ್ಲೂ ಎರಡರ್ಥದ ಮಾತು. ಹೊಟ್ಟೆಯ ಕೆಳಗೆ ಬಿಗಿದು ಉಬ್ಬಿದೆ, ಅವಸರವಾಗುತ್ತದೆ, ಹೋದರೆ ಬರುವುದಿಲ್ಲ ಅಂದರೆ ದಾರಿ ಕಟ್ಟಿದೆ. ನಳಿಗೆ ಹಾಕಿದರೆ ಹರಿಯುತ್ತದೆ. ಹೊಟ್ಟೆ ಮೆತ್ತಗಿದೆ, ಅವಸರವೇ ಇಲ್ಲ, ಇಡೀ ದಿನಕ್ಕೆ ಒಂದು ಲೋಟ ಕೆಂಪಗೆ ಬಂತು ಅಂದರೆ ಮೂತ್ರ ತಯಾರಾಗುವುದೇ ಕಡಿಮೆಯಾಗಿದೆ. ದೊಡ್ಡವರಿಗೆ ದಿನಕ್ಕೆ ಅರ್ಧ ಲೀಟರಿಗಿಂತ ಕಡಿಮೆ ಆದರೆ ಕಿಡ್ನಿಗೆ ಏಟು ಬೀಳುತ್ತಿರಬಹುದು. ನಿಮ್ಮ ಅಪ್ಪನದು ಯಾವುದು ಅಂತ ಚೀಟಿ ಓದಿ ನನಗೂ ಹೇಳಲು ಬರುವುದಿಲ್ಲ. ಕಾಗದವನ್ನು ಮಾತ್ರ ಅನುವಾದ ಮಾಡಿದರೆ ಇಂಥ ಕಡೆ ಸಿಕ್ಕಿಬೀಳುತ್ತೇವೆ. ಬ್ಲಾಕ್ ಅಂದಾಗ ನೀವು ಎರಡರಲ್ಲಿ ಒಂದನ್ನು ಆರಿಸಿಬಿಟ್ಟಿರಿ. ಎಷ್ಟು ಹೊತ್ತಿಗೆ, ಎಷ್ಟು, ಯಾವ ಬಣ್ಣ, ಇಷ್ಟು ಬರೆದರೆ ಸಾಕು. ಆರಿಸುವ ಕೆಲಸ ಅವರದು.

ಹಾಗಾದರೆ ನಂಜಿಗೆ ಸೆಪ್ಸಿಸ್ ಅಂತ ಬರೆಯಲಾ ಅಂತ ಕೇಳಬಹುದು. ಬೇಡ. ಅದು ಸೋಂಕಿನಿಂದ ದೇಹದ ಅಂಗಗಳೇ ಕೆಡತೊಡಗುವ ರೋಗದ ಹೆಸರು, ನಿಮ್ಮ ಡಾಕ್ಟರು ಅದನ್ನು ಬರೆದಿಲ್ಲ. ನಂಜು ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಇಡಿ. ಇದು ಸ್ಥಳೀಯ ಮಾತು, ಇಲ್ಲಿ ಕೆಟ್ಟ ಗಾಯ ಅಂತ ಅರ್ಥ, ವಿಷ ಕುಡಿದಿಲ್ಲ ಅಂತ ಪಕ್ಕದಲ್ಲೇ ಬರೆಯಿರಿ. ಆಮೇಲೆ ಕಣ್ಣಿಗೆ ಕಂಡದ್ದು: ಕೂಳೆ ಚುಚ್ಚಿದ ತಾರೀಖು, ಕೆಂಪು ಎಲ್ಲಿಯ ತನಕ, ಕೀವು ಇದೆಯಾ, ವಾಸನೆ ಇದೆಯಾ. ಅನುವಾದ ಮಾಡಿದ್ದು ಮಗ ಅಂತ ಕೆಳಗೆ ಬರೆದು, ಡಾಕ್ಟರ ಫೋನ್ ನಂಬರ್ ಹಾಕಿ, ಕನ್ನಡದ ಮೂಲ ಚೀಟಿಯನ್ನೂ ಪಿನ್ ಮಾಡಿ. ಅಲ್ಲಿ ಕನ್ನಡ ಬಲ್ಲ ನರ್ಸೊಬ್ಬರು ಸಿಕ್ಕರೆ ನಿಮ್ಮ ಇಂಗ್ಲಿಷಿಗಿಂತ ಆ ಮೂಲವೇ ಮೊದಲು ಕೆಲಸಕ್ಕೆ ಬರುತ್ತದೆ.

ಕೊನೆಗೆ ಉಳಿದದ್ದು 'ಸೂಜಿ ಹಾಕಿದೆ'. ಅದನ್ನು ನೀವು ಬಿಟ್ಟೇಬಿಟ್ಟಿದ್ದೀರಿ. ಅದು ಧನುರ್ವಾಯು ಸೂಜಿಯಾ, ನೋವಿನದಾ, ಆಂಟಿಬಯೋಟಿಕ್ಕಾ? ಆಂಟಿಬಯೋಟಿಕ್ ಮೊದಲೇ ಬಿದ್ದಿದ್ದರೆ ರಕ್ತದಲ್ಲಿ ಕ್ರಿಮಿ ಹುಡುಕುವ ಪರೀಕ್ಷೆಯಲ್ಲಿ ಏನೂ ಸಿಗದೆ ಹೋಗಬಹುದು. ಅದು ಗೊತ್ತಿಲ್ಲದಿದ್ದರೆ ಸೋಂಕೇ ಇಲ್ಲ ಅಂತ ತಪ್ಪು ತಿಳಿಯುವ ಸಾಧ್ಯತೆ ಇದೆ. ಇದನ್ನು ಅನುವಾದ ಮಾಡುವ ಕಷ್ಟವೂ ಇಲ್ಲ. ಖಾಲಿ ಸೀಸೆಯ ಮೇಲೆ ಹೆಸರು ಇಂಗ್ಲಿಷಿನಲ್ಲೇ ಇರುತ್ತದೆ. ಡಾಕ್ಟರನ್ನು ಕೇಳಿ ಸೀಸೆ ಇಸಿದುಕೊಂಡು, ಚೀಟಿ ಸುತ್ತಿ, ಎಷ್ಟು ಗಂಟೆಗೆ ಹಾಕಿದ್ದು ಅಂತ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ.